ಪರ್ಮಾಂಗನೇಟಲ್ಲಿ ಡಿ ಎಲೆಕ್ಟ್ರಾನೇ ಇಲ್ಲ, ಮತ್ತೆ ಬಣ್ಣ ಎಲ್ಲಿಂದ ಬಂತು ಮಾವ?

ಪಂಪು ಮತ್ತು ಬೋರ್‌ವೆಲ್ ಫಿಲ್ಟರ್ ರಿಪೇರಿ ನನ್ನ ಕೆಲಸ, ಊರು ಬದಿಯಡ್ಕದಿಂದ ಸ್ವಲ್ಪ ಒಳಗೆ. ನಮ್ಮ ಕಡೆ ಬೋರ್ ನೀರಲ್ಲಿ ಕಬ್ಬಿಣ ಇರುವುದು ಮಾಮೂಲು, ಅದಕ್ಕೆ ಹಾಕುವ ಫಿಲ್ಟರಿನ ಮರಳನ್ನು ಆಗಾಗ ಚಾರ್ಜ್ ಮಾಡ್ಲಿಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬೇಕಾಗ್ತದೆ, ಹಾಗಾಗಿ ಶೆಡ್ಡಲ್ಲಿ ಯಾವಾಗಲೂ ಅರ್ಧ ಕಿಲೋ ಡಬ್ಬಿ ಉಂಟು. ಅಕ್ಕನ ಮಗಳು ಪ್ಲಸ್ ಟು. ಶಾಲೆಯ ವಿಜ್ಞಾನ ಮೇಳಕ್ಕೆ ಎಂತಾದ್ರೂ ಮಾಡ್ಬೇಕು ಅಂತ ಬಂದವಳು ಆ ಡಬ್ಬಿ ನೋಡಿ ಕೇಳಿದ ಪ್ರಶ್ನೆಯೇ ಮೇಲಿನ ಹೆಡ್ಡಿಂಗು. ಟ್ರಾನ್ಸಿಷನ್ ಲೋಹಗಳ ಸಂಯುಕ್ತಕ್ಕೆ ಬಣ್ಣ ಬರುವುದು ಡಿ ಎಲೆಕ್ಟ್ರಾನ್ ಕೆಳಗಿಂದ ಮೇಲೆ ಹಾರುವುದರಿಂದ ಅಂತ ಪಾಠದಲ್ಲಿ ಉಂಟಂತೆ. ಪರ್ಮಾಂಗನೇಟಲ್ಲಿ ಮ್ಯಾಂಗನೀಸ್ +7ರಲ್ಲಿ ಇರುವುದು, ಅಂದ್ರೆ ಏಳು ಎಲೆಕ್ಟ್ರಾನ್ ಕೊಟ್ಟ ಲೆಕ್ಕ, ಹಾರ್ಲಿಕ್ಕೆ ಡಿ ಎಲೆಕ್ಟ್ರಾನ್ ಒಂದೂ ಉಳಿದಿಲ್ಲ, ಆದ್ರೂ ಚಿಟಿಕೆ ಹಾಕಿದ್ರೆ ಬಾವಿಯೇ ನೇರಳೆ ಆಗ್ತದೆ. ನಾನು ಡಿಗ್ರಿಯಲ್ಲಿ ಕೆಮಿಸ್ಟ್ರಿ ಓದಿದ್ದೇ ಹೌದು, ಆದ್ರೆ ಬಾಯಲ್ಲಿ ಹೇಳಿದ್ರೆ ಅವಳು ಒಪ್ಪುವ ಜಾತಿ ಅಲ್ಲ. ಮಾಡಿಯೇ ನೋಡುವ ಅಂತ ಎರಡು ವಾರ ಸಂಜೆ ಹೊತ್ತು ಕೂತೆವು, ಅದರ ಲೆಕ್ಕ ಇದು.

ಪ್ಲಾನ್ ಎಂತ ಅಂದ್ರೆ, ಒಂದೇ ಲೋಹವನ್ನು ಬೇರೆ ಬೇರೆ ಆಕ್ಸಿಡೇಷನ್ ಸ್ಥಿತಿಯಲ್ಲಿ ಗ್ಲಾಸಿನ ಲೋಟಗಳಲ್ಲಿ ಇಡುವುದು, ಪ್ರತಿಯೊಂದೂ ಯಾವ ಬೆಳಕನ್ನು ನುಂಗ್ತದೆ ಅಂತ ನಾವೇ ಮಾಡಿದ ಪೆಟ್ಟಿಗೆಯಲ್ಲಿ ನೋಡುವುದು. ಮ್ಯಾಂಗನೀಸಿನ +2, +4, +6, +7 ನಾಲ್ಕೂ ಮನೆಯಲ್ಲೇ ಆಗ್ತದೆ.

ಮೊದಲು ಪೆಟ್ಟಿಗೆ. ಚಪ್ಪಲಿ ಡಬ್ಬದ ಒಂದು ತುದಿಯಲ್ಲಿ ಬೆಳಕು ಬರ್ಲಿಕ್ಕೆ ಸಣ್ಣ ಸೀಳು, ಇನ್ನೊಂದು ತುದಿಯಲ್ಲಿ ಕಣ್ಣಿಡ್ಲಿಕ್ಕೆ ಕಿಂಡಿ, ಆ ಕಿಂಡಿಗೆ ಹಳೇ ಸಿಡಿಯ ತುಂಡು. ಸಿಡಿಯ ಲೇಬಲ್ ಬದಿಗೆ ಕಟ್ಟರಲ್ಲಿ ಒಂದು ಗೀರು ಹಾಕಿ, ಪ್ಯಾಕಿಂಗ್ ಟೇಪ್ ಗಟ್ಟಿಯಾಗಿ ಅಂಟಿಸಿ ಎಳೆದ್ರೆ ಬೆಳ್ಳಿ ಪದರ ಕಿತ್ತು ಬರ್ತದೆ, ಉಳಿಯುವ ಪಾರದರ್ಶಕ ಪ್ಲಾಸ್ಟಿಕ್ಕಲ್ಲಿ ಗೆರೆಗಳು ಹಾಗೇ ಇರ್ತವೆ. ಅಂಚಿನ ಕಡೆಯ ತುಂಡನ್ನು ಅದರ ಗೆರೆ ಸೀಳಿಗೆ ಸಮಾನಾಂತರ ಬರುವ ಹಾಗೆ ಅಂಟಿಸ್ಬೇಕು. ಸೀಳನ್ನು ನೇರ ನೋಡಿದ್ರೆ ಬರೀ ಬಿಳಿ, ಅಲ್ಲಿಂದ ಸುಮಾರು 20 ಡಿಗ್ರಿ ಪಕ್ಕಕ್ಕೆ ಕಣ್ಣು ಹೊರಳಿಸಿದ್ರೆ ನೇರಳೆಯಿಂದ ಕೆಂಪಿನವರೆಗೆ ಪಟ್ಟಿ ಕಾಣ್ತದೆ. ಲೋಟವನ್ನು ಸೀಳಿನ ಎದುರು ಹೊರಗೆ ಇಡುವುದು.

ಮೊದಲ ದಿನ ಸೀಳನ್ನು ಕತ್ತರಿಯಲ್ಲೇ ಮಾಡಿದ್ದೆ, ಒಂದು ಮಿಲಿಮೀಟರಿಗಿಂತ ದಪ್ಪ ಇತ್ತು. ಬಣ್ಣದ ಪಟ್ಟಿ ಬಂತು ಆದ್ರೆ ಎಲ್ಲಾ ಕಲಸಿದ ಹಾಗೆ. ಮತ್ತೆ ಶೇವಿಂಗ್ ಬ್ಲೇಡು ಎರಡು ತುಂಡು ಮಾಡಿ, ಎರಡರ ಮಧ್ಯೆ ಒಂದು ದಪ್ಪ ಕಾಗದ ಇಟ್ಟು ಅಂಟಿಸಿ ಕಾಗದ ಎಳೆದು ತೆಗೆದೆ, ಅಷ್ಟು ಸಪೂರ ಸೀಳು ಬೇಕು. ಇನ್ನೊಂದು ಪೆದ್ದುತನ, ಶೆಡ್ಡಿನ ಟ್ಯೂಬ್‌ಲೈಟಿಗೆ ಪೆಟ್ಟಿಗೆ ಹಿಡಿದು ಪರ್ಮಾಂಗನೇಟ್ ಇಟ್ಟು ನೋಡಿ, "ಓ ಗೆರೆ ಕಾಣ್ತದೆ ಕಾಣ್ತದೆ" ಅಂತ ಇಬ್ಬರೂ ಖುಷಿಪಟ್ಟದ್ದು, ಲೋಟ ತೆಗೆದ್ರೂ ಗೆರೆ ಅಲ್ಲೇ ಇತ್ತು ಮಾರ್ರೆ. ಟ್ಯೂಬ್‌ಲೈಟಿನ ಬೆಳಕೇ ತುಂಡು ತುಂಡು, ಅದರೊಳಗಿನ ಪಾದರಸ ಮತ್ತು ಫಾಸ್ಫರಿನ ಗೆರೆಗಳು ಅವು. ತುಂಡಿಲ್ಲದ ಬೆಳಕು ಬೇಕು. ಹಗಲಲ್ಲಾದ್ರೆ ಮೋಡ ಕವಿದ ಆಕಾಶ, ರಾತ್ರಿ ಆದ್ರೆ ಹಳೇ ಕಾಲದ ತಂತಿ ಬಲ್ಬು. ಸೂರ್ಯನಿಗೆ ಮಾತ್ರ ನೇರ ಹಿಡಿಯುವ ಹಾಗಿಲ್ಲ, ಕಣ್ಣು ಹೋಗ್ತದೆ.

ಇನ್ನು ದ್ರಾವಣ. ನೇರಳೆ ಲೋಟಕ್ಕೆ ಬೇಕಾದದ್ದು ಬರೀ 3 ಮಿಲಿಗ್ರಾಂ, ಅದನ್ನು ಅಡುಗೆ ಮನೆಯ ತಕ್ಕಡಿಯಲ್ಲಿ ತೂಗುವ ಮಾತೇ ಇಲ್ಲ. ಹಾಗಾಗಿ 1 ಗ್ರಾಂ ಪರ್ಮಾಂಗನೇಟನ್ನು 1 ಲೀಟರ್ ನೀರಲ್ಲಿ ಕರಗಿಸಿ ಇಟ್ಕೊಂಡು, ಅದರಿಂದ ಸಿರಿಂಜಲ್ಲಿ 3 ಎಂಎಲ್ ತೆಗೆದು 200 ಎಂಎಲ್ ನೀರಿಗೆ ಹಾಕಿದ್ದು. ಇದಕ್ಕಿಂತ ದಪ್ಪ ಮಾಡಿದ್ರೆ ಲೋಟ ಕಪ್ಪಾಗಿ ಕಾಣ್ತದೆ, ಮುಂದಿನ ಬಣ್ಣ ಬದಲಾವಣೆ ಒಂದೂ ಗೊತ್ತಾಗುವುದಿಲ್ಲ. ಎಲ್ಲರೂ ಮಾಡುವ ತಪ್ಪು ಇದೇ, ಒಂದು ಚಮಚ ಸುರಿಯುವುದು.

ಹಸಿರು ಲೋಟ ಬೇಕಾದ್ರೆ +7ಕ್ಕೆ ಒಂದೇ ಒಂದು ಎಲೆಕ್ಟ್ರಾನ್ ಕೊಟ್ಟು +6ರಲ್ಲಿ ನಿಲ್ಲಿಸ್ಬೇಕು. ಅದಕ್ಕೆ 200 ಎಂಎಲ್ ನೀರಿಗೆ 2 ಗ್ರಾಂ ಕಾಸ್ಟಿಕ್ ಸೋಡಾ ಮತ್ತು ಒಂದೂವರೆ ಗ್ರಾಂ ಸಕ್ಕರೆ, ಎರಡೂ ಕರಗಿ ತಣ್ಣಗಾದ ಮೇಲೆ ಆ 3 ಎಂಎಲ್ ನೇರಳೆ. ಎಲೆಕ್ಟ್ರಾನ್ ಕೊಡುವುದು ಸಕ್ಕರೆ. ಕಾಸ್ಟಿಕ್ಕನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕ್ಬೇಕು, ಕನ್ನಡಕ ಮತ್ತು ಗ್ಲೌಸ್ ಹಾಕಿಯೇ ಮಾಡ್ಬೇಕು, ಅಲ್ಯುಮಿನಿಯಂ ಪಾತ್ರೆ ಬೇಡವೇ ಬೇಡ. ಡ್ರೈನ್ ಕ್ಲೀನರ್ ಪುಡಿ ಕೂಡ ಬೇಡ, ಕೆಲವದರಲ್ಲಿ ಅಲ್ಯುಮಿನಿಯಂ ಚೂರು ಬೆರೆಸಿರ್ತಾರೆ. ಸೋಪು ಮಾಡುವವರು ತರುವ ಬರೀ ಫ್ಲೇಕ್ಸ್ ಸಾಕು.

ಮೊದಲ ಸಲ ಬೋರ್ ನೀರಲ್ಲೇ ಮಾಡಿದೆವು, ಹಾಳಾಯ್ತು. ಕಾಸ್ಟಿಕ್ ಹಾಕಿದ ಕೂಡ್ಲೇ ನೀರು ಕದಡಿ ಕೊಳಕು ಹಸಿರು, ಆಮೇಲೆ ಚಾ ಬಣ್ಣ. ನಮ್ಮ ಮುರಕಲ್ಲಿನ ನೆಲದಡಿಯ ನೀರಲ್ಲಿ ಕಬ್ಬಿಣ +2ರಲ್ಲಿ ಕರಗಿ ಇರ್ತದೆ, ಬಕೆಟಿಗೆ ಹಿಡಿಯುವಾಗ ತಿಳಿ ನೀರು, ಬೆಳಿಗ್ಗೆ ನೋಡಿದ್ರೆ ಅಡಿಯಲ್ಲಿ ಕೆಂಚು ಗಸಿ, ಅದು ಗಾಳಿ ತಾಗಿ +3 ಆದ ಕಬ್ಬಿಣ. ಅದೇ ಕಬ್ಬಿಣ ಪರ್ಮಾಂಗನೇಟಿಗೂ ಎಲೆಕ್ಟ್ರಾನ್ ಕೊಟ್ಟು ಕೂತ್ಕೊಳ್ತದೆ, ನನ್ನ ಫಿಲ್ಟರ್ ಕೆಲಸ ಮಾಡುವುದೂ ಹೀಗೆಯೇ, ಇಲ್ಲಿ ಮಾತ್ರ ಉಪದ್ರ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದ ಮೇಲೆ ಸರಿಯಾಯ್ತು. ಪರ್ಮಾಂಗನೇಟನ್ನು ಬಟ್ಟೆಯಲ್ಲಿ, ಕಾಗದದಲ್ಲಿ ಸೋಸ್ಲಿಕ್ಕೂ ಹೋಗ್ಬಾರ್ದು, ಅವುಗಳೇ ಅದನ್ನು ಕೆಡಿಸಿ ಕಂದು ಮಾಡ್ತವೆ.

ಡಿಸ್ಟಿಲ್ಡ್ ವಾಟರಲ್ಲಿ ಮಾಡಿದಾಗ ನೋಡ್ಬೇಕಿತ್ತು. ನೇರಳೆ ಮೆಲ್ಲ ನೀಲಿ ಕಡೆಗೆ ತಿರುಗಿ, ನೀಲಿ ಹಸಿರಾಗಿ, ಹಸಿರು ಸ್ವಲ್ಪ ಹೊತ್ತು ನಿಂತು, ಆಮೇಲೆ ಹಳದಿ ಮಿಶ್ರ ಕಂದಾಗಿ ಮುಗೀತದೆ. ಕೊನೆಯ ಕಂದು +4, ಮ್ಯಾಂಗನೀಸ್ ಡೈಆಕ್ಸೈಡ್, ಕರಗದೆ ಅತಿ ಸಣ್ಣ ಕಣವಾಗಿ ತೇಲ್ತಾ ಇರುವುದು. ಟಾರ್ಚಿನ ಹಳೇ ಸೆಲ್ ಒಡೆದ್ರೆ ಬರುವ ಕಪ್ಪು ಪುಡಿಯಲ್ಲಿ ಇರುವುದೂ ಇದೇ. ಸಕ್ಕರೆ ಇನ್ನೂ ಉಳಿದಿರುವುದರಿಂದ ಹಸಿರಲ್ಲಿ ಶಾಶ್ವತ ನಿಲ್ಲಿಸ್ಲಿಕ್ಕೆ ಆಗುವುದಿಲ್ಲ. ಫ್ರಿಜ್ಜಿನ ನೀರಲ್ಲಿ ಮಾಡಿದ್ರೆ ನಿಧಾನ ಆಗ್ತದೆ, ಜನರ ಎದುರು ತೋರಿಸ್ಲಿಕ್ಕೆ ಅದೇ ಒಳ್ಳೆದು, ಹಿಂದಿನ ದಿನವೇ ಹಸಿರು ಮಾಡಿ ಬಾಟಲಿಯಲ್ಲಿ ಇಡುವ ಆಸೆ ಬಿಡ್ಬೇಕು.

ಇಲ್ಲಿ ಹುಡುಗಿ ಕೇಳಿದ್ಲು, "ಸುಣ್ಣಕ್ಕೆ ಯಾಕೆ ಹೀಗೆ ಆಗುವುದಿಲ್ಲ ಮಾವ?" ಎದುರಿಗೆ ಅಮ್ಮನ ಎಲೆ ಅಡಿಕೆ ತಟ್ಟೆ ಇತ್ತು, ಅದರಲ್ಲಿ ಸುಣ್ಣದ ಡಬ್ಬಿ. ಒಳ್ಳೆ ಪ್ರಶ್ನೆ. ಸುಣ್ಣದ ಕ್ಯಾಲ್ಸಿಯಂ ಯಾವಾಗಲೂ +2, ಬಿಳಿ, ಮುಗೀತು ಕಥೆ. ಕ್ಯಾಲ್ಸಿಯಂನಿಂದ ಮೊದಲ ಎಲೆಕ್ಟ್ರಾನ್ ತೆಗೀಲಿಕ್ಕೆ ಮೋಲಿಗೆ 590 ಕಿಲೋಜೂಲ್ ಬೇಕು, ಎರಡನೆಯದಕ್ಕೆ 1145, ಮೂರನೆಯದಕ್ಕೆ ಒಮ್ಮೆಲೆ 4912. ಎರಡು ಹೊರಗಿನ ಎಲೆಕ್ಟ್ರಾನ್ ಹೋದ ಮೇಲೆ ಮೂರನೆಯದನ್ನು ಒಳಗಿನ ತುಂಬಿದ ಗಟ್ಟಿ ಚಿಪ್ಪಿಂದ ಕೀಳ್ಬೇಕು, ಅಷ್ಟು ಖರ್ಚು ಯಾವ ಸಂಯುಕ್ತಕ್ಕೂ ಕಟ್ಟಿ ಬರುವುದಿಲ್ಲ. ಮ್ಯಾಂಗನೀಸಿಗೆ ಅದೇ ಲೆಕ್ಕ 717, 1509, 3248. ಏರ್ತದೆ, ಆದ್ರೆ ಏಣಿ ಮೆಟ್ಟಿಲಿನ ಹಾಗೆ ಏರ್ತದೆ, ಗೋಡೆ ಸಿಗುವುದಿಲ್ಲ. ಯಾಕೆಂದ್ರೆ ಅದರ 4ಎಸ್‌ನಲ್ಲಿರುವ ಎರಡು ಮತ್ತು 3ಡಿಯಲ್ಲಿರುವ ಐದು, ಈ ಏಳೂ ಶಕ್ತಿಯಲ್ಲಿ ಹತ್ತಿರ ಹತ್ತಿರ ಉಂಟು. ಎದುರಿನವ ಎಷ್ಟು ಗಟ್ಟಿ ಎಳೀತಾನೆ ಅನ್ನುವುದರ ಮೇಲೆ ಎರಡು ಕೊಡಬಹುದು, ನಾಲ್ಕು ಕೊಡಬಹುದು, ಏಳೂ ಬಿಡಬಹುದು.

ಬಿಡಬಹುದು ಅಂದದ್ದು ಸ್ವಲ್ಪ ಉದಾರ ಮಾತು. ಏಳು ಎಲೆಕ್ಟ್ರಾನ್ ಪೂರ್ತಿ ಕಳಕೊಂಡ ಒಂಟಿ ಮ್ಯಾಂಗನೀಸ್ ಲೋಟದ ನೀರಲ್ಲಿ ಎಲ್ಲೂ ಈಜಾಡ್ತಾ ಇಲ್ಲ. ಸುತ್ತ ನಾಲ್ಕು ಆಕ್ಸಿಜನ್ ಗಟ್ಟಿ ಬಂಧದಲ್ಲಿ ಕೂತಿವೆ, ಎಲೆಕ್ಟ್ರಾನನ್ನು ಹಂಚಿಕೊಂಡಿವೆ, +7 ಅನ್ನುವುದು ಲೆಕ್ಕದ ಪುಸ್ತಕದಲ್ಲಿ ಎಲ್ಲವನ್ನೂ ಆಕ್ಸಿಜನ್ ಹೆಸರಿಗೆ ಬರೆದ್ರೆ ಬರುವ ಸಂಖ್ಯೆ. ಅದಕ್ಕೇ ಇಷ್ಟು ದೊಡ್ಡ ಸಂಖ್ಯೆ ಆಕ್ಸಿಜನ್ ಫ್ಲೋರಿನ್‌ನಂಥವರ ಜೊತೆ ಮಾತ್ರ ಕಾಣುವುದು. ಈ ಮಾತು ಮುಂದೆ ಬಣ್ಣಕ್ಕೂ ಬೇಕು.

ಹಸಿರಿನ ಗುಣ ನೋಡ್ಲಿಕ್ಕೆ ಇನ್ನೊಂದು ಆಟ. 50 ಎಂಎಲ್ ಹಸಿರನ್ನು ಬೇರೆ ಲೋಟಕ್ಕೆ ತೆಗೆದು ಹುಳಿ ಹಿಂಡುವ ಅಂತ ಒಂದು ನಿಂಬೆಹಣ್ಣು ಪೂರ್ತಿ ಹಿಂಡಿದೆ. ನನಗೆ ಗೊತ್ತಿದ್ದ ಪ್ರಕಾರ ನೇರಳೆ ವಾಪಸ್ ಬರ್ಬೇಕಿತ್ತು. ಬಂದದ್ದು ಶರಬತ್ತು. ನಿಂಬೆ ರಸದ ಮಬ್ಬು ಬಿಟ್ರೆ ಬಣ್ಣವೇ ಇಲ್ಲ. ಐದು ನಿಮಿಷ ತಲೆ ಕೆರ್ಕೊಂಡ ಮೇಲೆ ಹೊಳೆದದ್ದು, ನಿಂಬೆಯಲ್ಲಿ ಬರೀ ಹುಳಿ ಅಲ್ಲ, ವಿಟಮಿನ್ ಸಿ ಕೂಡ ಉಂಟು, ಅದು ಎಲೆಕ್ಟ್ರಾನ್ ಕೊಡುವುದರಲ್ಲಿ ಸಕ್ಕರೆಗಿಂತ ಭಾರಿ ಚುರುಕು, ಮ್ಯಾಂಗನೀಸನ್ನು ಸೀದಾ +2ರವರೆಗೆ ಇಳಿಸಿ ಬಿಟ್ಟಿದೆ. ಎರಡನೇ ಸಲ ಬಿಳಿ ವಿನೆಗರ್ 20 ಎಂಎಲ್ ಹಾಕಿದೆ. ಈಗ ಬಂತು! ಹಸಿರು ಹೋಗಿ ತೆಳು ನೇರಳೆ, ಜೊತೆಗೆ ಸ್ವಲ್ಪ ಕಂದು.

```
3 MnO4^2- + 2 H2O → 2 MnO4^- + MnO2 + 4 OH^-
```

ಮೂರು +6 ಸೇರಿ, ಒಂದು ಎರಡು ಮೆಟ್ಟಿಲು ಇಳೀತದೆ, ಉಳಿದೆರಡು ಒಂದೊಂದು ಮೆಟ್ಟಿಲು ಏರ್ತವೆ, ಅಂದ್ರೆ ಇಳಿದದ್ದು ಪಡೆದ ಎಲೆಕ್ಟ್ರಾನ್ ಏರಿದವುಗಳು ಕೊಟ್ಟದ್ದೇ. ಬಲಗಡೆ OH ಬರ್ತದೆ ನೋಡಿ, ಕಾಸ್ಟಿಕ್ ತುಂಬಾ ಇದ್ದಾಗ ಈ ಕ್ರಿಯೆ ಮುಂದೆ ಹೋಗ್ಲಿಕ್ಕೆ ಬಿಡುವುದಿಲ್ಲ, ಹುಳಿ ಹಾಕಿ OH ತೆಗೆದ್ರೆ ದಾರಿ ಬಿಟ್ಟ ಹಾಗೆ. ಹಾಗಾಗಿ ಲೋಹಕ್ಕೆ ಹಲವು ಸ್ಥಿತಿ ಉಂಟು ಅಂದ್ರೆ ಎಲ್ಲವೂ ಎಲ್ಲಾ ಕಡೆ ಇರ್ತದೆ ಅಂತ ಅಲ್ಲ, +6ಕ್ಕೆ ಗಟ್ಟಿ ಕ್ಷಾರ ಬೇಕೇ ಬೇಕು. ವಾಪಸ್ ಬಂದ ನೇರಳೆಯನ್ನೂ ಉಳಿದ ಸಕ್ಕರೆ ಮೆಲ್ಲ ತಿಂತದೆ, ಫೋಟೋ ಬೇಗ ತೆಗೀಬೇಕು.

ನಾಲ್ಕನೇ ಲೋಟ, +2. ಗೊಬ್ಬರದಂಗಡಿಯಲ್ಲಿ ಮ್ಯಾಂಗನೀಸ್ ಸಲ್ಫೇಟ್ ಸಿಗ್ತದೆ, ಬಿಳಿಗೆ ಚೂರು ಗುಲಾಬಿ ತಾಗಿದ ಹಾಗೆ ಇರುವ ಪುಡಿ. 10 ಗ್ರಾಂ ತೆಗೆದು 200 ಎಂಎಲ್‌ಗೆ ಹಾಕಿದ್ರೂ ನೀರು ನೀರೇ. ನೇರಳೆ ಲೋಟಕ್ಕೆ 3 ಮಿಲಿಗ್ರಾಂ, ಇದಕ್ಕೆ ಅದರ ಮೂರು ಸಾವಿರ ಪಟ್ಟು, ಆದ್ರೂ ಬಣ್ಣ ಇಲ್ಲ. ಮ್ಯಾಂಗನೀಸ್ ನಿಜಕ್ಕೂ ಒಳಗೆ ಉಂಟಾ ಅಂತ ಹುಡುಗಿಗೆ ಡೌಟು, ಸ್ವಲ್ಪ ತೆಗೆದು ಕಾಸ್ಟಿಕ್ ನೀರು ಬಿಟ್ಟೆ, ಬಿಳಿ ಮೊಸರಿನ ಹಾಗೆ ಗಟ್ಟಿಯಾಯ್ತು, ಗಾಳಿ ತಾಗಿದ ಮೇಲ್ಭಾಗದಿಂದ ನಿಮಿಷಗಳಲ್ಲಿ ಕಂದಾಗ್ತಾ ಬಂತು. ಉಂಟು ಅಂತಾಯ್ತು.

ಈಗ ನಿಜವಾದ ಗೊಂದಲ. ಪಾಠದ ಮಾತಿನ ಪ್ರಕಾರ ಐದು ಡಿ ಎಲೆಕ್ಟ್ರಾನ್ ಇರುವ +2ಕ್ಕೆ ಒಳ್ಳೆ ಬಣ್ಣ, ಒಂದೂ ಇಲ್ಲದ +7ಕ್ಕೆ ಬಣ್ಣ ಇಲ್ಲ ಅಂತಾಗ್ಬೇಕಿತ್ತು. ಆಗಿದ್ದು ಸರೀ ಉಲ್ಟಾ.

ಪಾಠ ಸುಳ್ಳಲ್ಲ, ಅದು ತಾಮ್ರದಂಥವರಿಗೆ ಸರಿ ಹೊಂದ್ತದೆ. ಅಡಿಕೆಗೆ ಬೋರ್ಡೋ ಬಿಡ್ಲಿಕ್ಕೆ ತಂದ ಮೈಲುತುತ್ತು ಮನೆಯಲ್ಲಿ ಹೇಗೂ ಇತ್ತು. ಡಿ ಅಂದ್ರೆ ಐದು ಕೋಣೆ, ಒಂದೊಂದರಲ್ಲಿ ಇಬ್ಬರಿಗೆ ಜಾಗ ಅಂತ ಇಟ್ಕೊಳ್ಳಿ. ಅಯಾನನ್ನು ನೀರಿನ ಅಣುಗಳು ಸುತ್ತುವರಿದಾಗ ಐದು ಕೋಣೆಯೂ ಒಂದೇ ಮಟ್ಟದಲ್ಲಿ ಉಳಿಯುವುದಿಲ್ಲ, ನೀರಿನ ಅಣುವಿಗೆ ನೇರ ಎದುರಾಗುವ ಎರಡು ಮೇಲೆ, ಉಳಿದ ಮೂರು ಕೆಳಗೆ. ತಾಮ್ರ +2ರಲ್ಲಿ ಒಂಬತ್ತು ಜನ, ಮೇಲೆ ಒಂದು ಜಾಗ ಖಾಲಿ, ಕೆಳಗಿನವ ಕೆಂಪು ಬೆಳಕನ್ನು ನುಂಗಿ ಅಲ್ಲಿಗೆ ಹಾರ್ತಾನೆ, ಕೆಂಪು ಕಳೆದು ಉಳಿದದ್ದು ನಮಗೆ ನೀಲಿ. ಮೈಲುತುತ್ತಿನ ಚೂರನ್ನು ಹಂಚಲ್ಲಿ ಬಿಸಿ ಮಾಡಿ ನೀರು ಓಡಿಸಿದ್ರೆ ಬೆಳ್ಳಗಾಗ್ತದೆ, ತಣ್ಣಗಾದ ಮೇಲೆ ಹನಿ ನೀರು ಬಿಟ್ರೆ ಮತ್ತೆ ನೀಲಿ, ಸುತ್ತ ಇರುವವರಿಗೂ ಬಣ್ಣಕ್ಕೂ ಸಂಬಂಧ ಉಂಟು ಅಂತ ಇದರಲ್ಲೇ ಗೊತ್ತಾಗ್ತದೆ. ಜಿಂಕ್ ಸಲ್ಫೇಟಲ್ಲಿ ಹತ್ತೂ ಜಾಗ ಭರ್ತಿ, ಹಾರ್ಲಿಕ್ಕೆ ಜಾಗ ಇಲ್ಲ, ಬಿಳಿ.

ಮ್ಯಾಂಗನೀಸ್ +2ರಲ್ಲಿ ಐದು ಕೋಣೆಗೆ ಐದೇ ಜನ, ಒಬ್ಬೊಬ್ಬರೇ, ಎಲ್ಲರ ಸ್ಪಿನ್ನೂ ಒಂದೇ ಕಡೆ. ಕೆಳಗಿನವ ಮೇಲಿನ ಕೋಣೆಗೆ ಹೋಗ್ಬೇಕಾದ್ರೆ ಅಲ್ಲಿ ಇರುವವನ ಜೊತೆ ಸೇರ್ಬೇಕು, ಒಂದೇ ಕೋಣೆಯಲ್ಲಿ ಒಂದೇ ಸ್ಪಿನ್ನಿನ ಇಬ್ಬರು ಇರುವ ಹಾಗಿಲ್ಲ, ಅಂದ್ರೆ ಹಾರುವಾಗಲೇ ತಿರುಗಿ ಬೀಳ್ಬೇಕು. ಬೆಳಕು ಎಲೆಕ್ಟ್ರಾನನ್ನು ಹಾರಿಸ್ತದೆ, ತಿರುಗಿಸುವ ಕೆಲಸ ಅದಕ್ಕೆ ಹೆಚ್ಚುಕಮ್ಮಿ ಆಗುವುದೇ ಇಲ್ಲ. ಯಾವಾಗಲೋ ಒಮ್ಮೆ ಆಗ್ತದೆ, ಆ ಒಮ್ಮೆಯ ಲೆಕ್ಕವೇ ಪುಡಿಯಲ್ಲಿ ಕಾಣುವ ಚೂರು ಗುಲಾಬಿ.

ಪರ್ಮಾಂಗನೇಟಿನದ್ದು ಬೇರೆಯೇ ದಾರಿ. ಕೋಣೆ ಐದೂ ಖಾಲಿ, ಪಕ್ಕದ ಮನೆ ಆಕ್ಸಿಜನ್, ಅಲ್ಲಿ ಎಲೆಕ್ಟ್ರಾನ್ ತುಂಬಿ ತುಳುಕ್ತಾ ಉಂಟು. ಹಸಿರು ಬೆಳಕು ಬಿದ್ದಾಗ ಆಕ್ಸಿಜನ್ನಿನ ಎಲೆಕ್ಟ್ರಾನ್ ಮ್ಯಾಂಗನೀಸಿನ ಖಾಲಿ ಕೋಣೆಗೆ ಹಾರ್ತದೆ. ಇದಕ್ಕೆ ಚಾರ್ಜ್ ಟ್ರಾನ್ಸ್‌ಫರ್ ಅಂತ ಹೆಸರು. ಡಿಯಿಂದ ಡಿಗೆ ಹಾರುವುದಕ್ಕೆ ಇರುವ ಅಡ್ಡಿ ಇದಕ್ಕಿಲ್ಲ, ಹಾಗಾಗಿ ಬಣ್ಣ ಭಾರಿ ಗಾಢ. ಒಂದೇ ಸಾಂದ್ರತೆಗೆ ಹೋಲಿಸಿದ್ರೆ ಪರ್ಮಾಂಗನೇಟ್ ಹಸಿರನ್ನು ಹೀರುವುದು ತಾಮ್ರದ ಅಯಾನು ತನ್ನ ಕೆಂಪನ್ನು ಹೀರುವುದಕ್ಕಿಂತ ಸುಮಾರು 200 ಪಟ್ಟು ಜಾಸ್ತಿ. ನಾವು ಪರೀಕ್ಷೆ ಮಾಡಿದ್ದು ಹೀಗೆ, 200 ಎಂಎಲ್ ನೀರಿಗೆ 3 ಮಿಲಿಗ್ರಾಂ ಪರ್ಮಾಂಗನೇಟ್ ಕೊಟ್ಟ ನೇರಳೆಯ ಪಕ್ಕದಲ್ಲಿ 1 ಗ್ರಾಂ ಮೈಲುತುತ್ತು ಹಾಕಿ ಇಟ್ಟೆವು, ತೆಳು ನೀಲಿ ಅಷ್ಟೇ.

ಪೆಟ್ಟಿಗೆಗೆ ಕಣ್ಣಿಟ್ರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣ್ತದೆ. ಮೈಲುತುತ್ತಲ್ಲಿ ಕೆಂಪಿನ ತುದಿ ಮೆಲ್ಲ ಮಂಕಾಗ್ತದೆ, ಗೆರೆ ಇಲ್ಲ. ಪರ್ಮಾಂಗನೇಟಲ್ಲಿ ಹಸಿರಿನ ಮಧ್ಯೆ ಸುಮಾರು 525 ಮತ್ತು 545 ನ್ಯಾನೋಮೀಟರಿನ ಜಾಗದಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಕಪ್ಪು ಗೆರೆಗಳು, ನೀಲಿ ಕೆಂಪು ಎರಡೂ ಬದಿ ಹಾಗೇ. ಒಂದೇ ಹಾರಾಟ, ಅದರ ಜೊತೆಗೆ ಮ್ಯಾಂಗನೀಸ್ ಆಕ್ಸಿಜನ್ ಬಂಧ ಅಲುಗಾಡುವ ಮೆಟ್ಟಿಲುಗಳೂ ಸೇರಿ ಈ ಹಲ್ಲು ಮೂಡುವುದು. ಟ್ಯೂಬ್‌ಲೈಟಿನ ಕಾಲದ ಮೋಸ ನೆನಪಾಗಿ ಹುಡುಗಿ ಲೋಟ ತೆಗೆದು ಇಟ್ಟು, ತೆಗೆದು ಇಟ್ಟು ನಾಲ್ಕು ಸಲ ನೋಡಿದ್ಲು, ಲೋಟ ತೆಗೆದಾಗ ಗೆರೆ ಮಾಯ. ಹಸಿರು ಲೋಟ ಇಟ್ಟಾಗ ಪಟ್ಟಿಯ ಕಿತ್ತಳೆ ಕೆಂಪಿನ ಭಾಗ ಮತ್ತು ನೇರಳೆ ತುದಿ ಕತ್ತಲೆ, ನಡುವಿನ ಹಸಿರು ಮಾತ್ರ ದಾಟಿ ಬರ್ತದೆ. ಅದರಲ್ಲಿ ಒಂದು ಡಿ ಎಲೆಕ್ಟ್ರಾನ್ ಉಂಟು ನಿಜ, ಆದ್ರೂ ಗಾಢ ಬಣ್ಣ ಮುಖ್ಯವಾಗಿ ಆಕ್ಸಿಜನ್ ಕಡೆಯಿಂದ ಬರುವ ಹಾರಾಟದ್ದೇ.

ಒಂದು ಬಾಕಿ ಇತ್ತು, ನಡುವೆ ಬರುವ ನೀಲಿ. ಮ್ಯಾಂಗನೀಸ್ +5 ನೀಲಿಯೇ, ಹಾಗಾಗಿ "ಇದು +5 ಅಲ್ವಾ ಮಾವ, ಚಾರ್ಟಲ್ಲಿ ಐದು ಸ್ಥಿತಿ ಅಂತ ಬರೆಯುವನಾ" ಅಂತ ಅವಳ ಆಸೆ. ನನಗೆ ಅನುಮಾನ, ಯಾಕೆಂದ್ರೆ +7ರಿಂದ ಇಳಿಯುವಾಗ +6ಕ್ಕಿಂತ ಮೊದಲು +5 ಬರುವುದು ಹೇಗೆ, ಮೇಲಾಗಿ +5 ನಿಲ್ಲಬೇಕಾದ್ರೆ ನಮ್ಮದಕ್ಕಿಂತ ತುಂಬಾ ದಪ್ಪ ಕಾಸ್ಟಿಕ್ ಬೇಕು. ಫ್ರಿಜ್ಜಿನ ನೀರಲ್ಲಿ ನಿಧಾನ ಮಾಡಿ, ಸರೀ ನೀಲಿ ಬಂದಾಗ ಲೋಟವನ್ನು ಸೀಳಿಗೆ ಹಿಡಿದೆವು. ಹಸಿರಲ್ಲಿ ಪರ್ಮಾಂಗನೇಟಿನ ಹಲ್ಲುಗಳು ಇನ್ನೂ ಇದ್ದವು, ಸ್ವಲ್ಪ ಮಸುಕು, ಅದೇ ಹೊತ್ತಿಗೆ ಕಿತ್ತಳೆ ಕೆಂಪಲ್ಲಿ ಹಸಿರಿನ, ಅಂದ್ರೆ +6ರ ಮ್ಯಾಂಗನೇಟಿನ, ಕತ್ತಲೆ ಮೂಡ್ತಾ ಇತ್ತು. ಅರ್ಧ ನೇರಳೆ, ಅರ್ಧ ಹಸಿರು, ಎರಡು ಸೇರಿ ಕಣ್ಣಿಗೆ ನೀಲಿ.

ಅವಳು ಚಾರ್ಟಲ್ಲಿ ಬರೆದಿದ್ದ +5ನ್ನು ಸ್ಕೆಚ್ ಪೆನ್ನಲ್ಲಿ ಹೊಡೆದು ಹಾಕಿದ್ಲು. ಲೋಟಗಳ ಒಳಗೆ ಹಿಡಿದ ಕಂದು ಕಲೆ ಸೋಪಿಗೆ, ಸ್ಕ್ರಬ್ಬರಿಗೆ ಬಗ್ಗಲಿಲ್ಲ, ಅಮ್ಮನ ಬೈಗುಳ ಶುರುವಾಗುವ ಮೊದಲು ಹಿಂಡಿ ಬಿಸಾಡಿದ ನಿಂಬೆ ಸಿಪ್ಪೆಯಲ್ಲೇ ಉಜ್ಜಿದೆವು, +4 ಇಳಿದು +2 ಆಗಿ ನೀರಿನ ಜೊತೆ ಹೋಯ್ತು.